ಶಿಫಾರಸು ಪತ್ರ ಕೇಳಲು ಹೋಗುವಾಗ ಗುರುಗಳ ಕೈಗೆ ಕೊಡಬೇಕಾದ ಒಂದು ಹಾಳೆ

ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಒಬ್ಬ ಹುಡುಗ ಓಡೋಡಿ ಬಂದ. "ಮೇಡಂ, ಒಂದು ರೆಕಮೆಂಡೇಶನ್ ಲೆಟರ್ ಬೇಕಾಗಿತ್ರಿ. ನಾಳೆನ ಲಾಸ್ಟ್ ಡೇಟ್ ಐತ್ರಿ" ಅಂದ. ಕೈಯಲ್ಲಿ ಎರಡು ಪುಟದ ಬಯೋಡೇಟಾ ಇತ್ತು. ಮುಖ ಚೆನ್ನಾಗಿ ನೆನಪಿತ್ತು, ಒಳ್ಳೆಯ ಹುಡುಗ ಎಂಬುದೂ ನೆನಪಿತ್ತು. ಆದರೆ ಮೂರು ವರ್ಷದ ಹಿಂದೆ ನನ್ನ ಲ್ಯಾಬಿನಲ್ಲಿ ಅವನು ಮಾಡಿದ್ದೇನು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಶ್ರದ್ಧಾವಂತ, ಶಿಸ್ತಿನವನು, ಕಷ್ಟಪಟ್ಟು ಓದುವವನು ಎಂದು ಆರು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ಕೆಲವು ತಿಂಗಳ ನಂತರ ಕಪಾಟು ತೆರವು ಮಾಡುವಾಗ ಅವನ ಪ್ರಾಜೆಕ್ಟ್ ವರದಿ ಸಿಕ್ಕಿತು. ಕೆಟ್ಟು ಕೂತಿದ್ದ ಹಳೆಯ ಕಲರಿಮೀಟರನ್ನು ಅವನೇ ಬಿಚ್ಚಿ, ದೀಪ ಬದಲಿಸಿ, ಹೊಸದಾಗಿ ಅಳತೆ ಹೊಂದಿಸಿ ಕೆಲಸ ಮುಂದುವರಿಸಿದ್ದ. ಆ ಒಂದು ಸಂಗತಿ ನನ್ನ ಪತ್ರದಲ್ಲಿ ಇರಬೇಕಿತ್ತು. ಅದು ಇರಲಿಲ್ಲ ಎಂಬ ನೋವು ಇಂದಿಗೂ ನನ್ನಲ್ಲಿದೆ.

ತಪ್ಪು ಅವನೊಬ್ಬನದಲ್ಲ. ಶಿಫಾರಸು ಕೇಳುವುದೆಂದರೆ ಸಹಿ ಕೇಳುವುದು ಎಂದು ನಮ್ಮ ಮಕ್ಕಳು ತಿಳಿದಿರುತ್ತಾರೆ. ಪತ್ರ ಬರೆಯುವವರಿಗೆ ಬೇಕಾದದ್ದು ನೆನಪು. ವರ್ಷಕ್ಕೆ ನಲವತ್ತು ಐವತ್ತು ಮಂದಿ ಎದುರು ಕೂತು ಹೋಗುತ್ತಾರೆ. ಅವರಲ್ಲಿ ನೀವು ಯಾರು, ಯಾವ ದಿನ ಏನು ಮಾಡಿದಿರಿ ಎಂಬುದನ್ನು ಗುರುಗಳಿಗೆ ಮರಳಿ ಕೊಡುವ ಕೆಲಸ ನಿಮ್ಮದು. ಒಂದು ಚಿಕ್ಕ ಪತ್ರ ಮತ್ತು ಒಂದೇ ಪುಟದ ಸಾರಾಂಶ ಹಾಳೆ ಸಾಕು. ಕಳೆದ ವರ್ಷ ಮುಂಡರಗಿ ಕಡೆಯ ಒಬ್ಬ ಹುಡುಗಿ ಇವೆರಡನ್ನೂ ತಯಾರಿಸುವಾಗ ನನ್ನ ಹತ್ತಿರ ಬಂದಿದ್ದಳು. ಗದಗಿನಲ್ಲಿ ಬಿ.ಎಸ್‌ಸಿ, ಧಾರವಾಡದಲ್ಲಿ ಎಂ.ಎಸ್‌ಸಿ ಮುಗಿಸಿ ಪಿಎಚ್.ಡಿಗೆ ಅರ್ಜಿ ಹಾಕುವವಳಿದ್ದಳು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅವಳ ಕಾಗದಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಯಾರನ್ನು ಕೇಳುವುದು

ಅವಳ ಮನಸ್ಸಿನಲ್ಲಿ ಮೊದಲಿದ್ದದ್ದು ವಿಭಾಗದ ಮುಖ್ಯಸ್ಥರ ಹೆಸರು. "ದೊಡ್ಡ ಹೆಸರಿದ್ರ ಪತ್ರಕ್ಕ ತೂಕ ಬರ್ತದಲ್ರಿ" ಅಂದಳು. ಆ ಮುಖ್ಯಸ್ಥರು ಅವಳಿಗೆ ಒಂದು ಸೆಮಿಸ್ಟರ್ ಪಾಠ ಮಾಡಿದ್ದರು, ಅಷ್ಟೇ. ಅವಳ ಪ್ರಾಜೆಕ್ಟ್ ಮಾರ್ಗದರ್ಶಕರು ಸಹಾಯಕ ಪ್ರಾಧ್ಯಾಪಕರು. ವಯಸ್ಸಿನಲ್ಲೂ ಹುದ್ದೆಯಲ್ಲೂ ಚಿಕ್ಕವರು, ಆದರೆ ಐದು ತಿಂಗಳು ಅವಳ ಕೆಲಸವನ್ನು ದಿನವೂ ನೋಡಿದವರು. ಅವರನ್ನೇ ಕೇಳು ಎಂದೆ. ಅರ್ಜಿಯ ನಮೂನೆಗಳಲ್ಲಿ ಶಿಫಾರಸು ಮಾಡುವವರಿಗೆ ಇರುವ ಮೊದಲ ಪ್ರಶ್ನೆಗಳೇ ಇವು: ಈ ವಿದ್ಯಾರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ಸಂಬಂಧದಲ್ಲಿ ಬಲ್ಲಿರಿ. ಅದಕ್ಕೆ "ತರಗತಿಯಲ್ಲಿ ಇದ್ದಳು" ಎಂಬ ಉತ್ತರ ಬಂದರೆ ಮುಂದಿನದಕ್ಕೆಲ್ಲ ಬಲ ಕಡಿಮೆ.

ಅಮೆರಿಕದ ವಿಶ್ವವಿದ್ಯಾಲಯಗಳು ಪಿಎಚ್.ಡಿಗೆ ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತವೆ. ಮೂವರೂ ಒಂದೇ ಮಾತು ಹೇಳುವಂತಿರಬಾರದು. ಇವಳಿಗೆ ಒಂದನ್ನು ಪ್ರಾಜೆಕ್ಟ್ ಮಾರ್ಗದರ್ಶಕರು, ಇನ್ನೊಂದನ್ನು ಎರಡು ಸೆಮಿಸ್ಟರ್ ಪಾಠ ಮಾಡಿದ ಭೌತ ರಸಾಯನಶಾಸ್ತ್ರದ ಮೇಡಂ, ಮತ್ತೊಂದನ್ನು ಗದಗಿನಲ್ಲಿ ಬಿ.ಎಸ್‌ಸಿಯ ಮೂರೂ ವರ್ಷ ಕಂಡಿದ್ದ ಗುರುಗಳು ಬರೆಯುವುದೆಂದು ಗೊತ್ತಾಯಿತು. ಇಲ್ಲಿ ಮೊದಲನೆಯದನ್ನಷ್ಟೇ ಪೂರ್ತಿ ನೋಡೋಣ.

ಬಾಯಿಮಾತು ಮೊದಲು

ನಮ್ಮ ಕಡೆ ಎದುರು ನಿಂತು ಕೇಳದೆ ನೇರವಾಗಿ ಮೇಲ್ ಕಳಿಸಿದರೆ ಕೆಲವು ಹಿರಿಯರಿಗೆ ಸರಿ ಅನಿಸುವುದಿಲ್ಲ. ಊರಲ್ಲಿದ್ದರೆ ಹೋಗಿ ಕೇಳಿ, ದೂರವಿದ್ದರೆ ಫೋನ್ ಮಾಡಿ. ಆದರೆ ಕೇಳುವ ರೀತಿಯಲ್ಲಿ ಒಂದು ಎಚ್ಚರ ಬೇಕು. "ಲೆಟರ್ ಕೊಡ್ರಿ ಸರ್" ಎಂದರೆ ಇಲ್ಲ ಎನ್ನಲು ಗುರುಗಳಿಗೆ ದಾರಿಯೇ ಉಳಿಯುವುದಿಲ್ಲ. ಎದುರಿಗೆ ಬಂದ ವಿದ್ಯಾರ್ಥಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಬಹಳ ಕಷ್ಟ. ಹಾಗಾಗಿ ಹೂಂ ಅಂದುಬಿಡುತ್ತಾರೆ, ಆಮೇಲೆ ಸಪ್ಪೆ ಪತ್ರ ಬರೆಯುತ್ತಾರೆ. ಆಯ್ಕೆ ಸಮಿತಿಯಲ್ಲಿ ಕೂತವರು ಸಪ್ಪೆ ಪತ್ರವನ್ನು "ಇವರಿಗೆ ಹೇಳಲು ಏನೂ ಇಲ್ಲ" ಎಂದೇ ಓದುತ್ತಾರೆ.

ಅವಳು ಅಕ್ಟೋಬರ್ 8ರಂದು ಹೋಗಿ ಕೇಳಿದ್ದು ಹೀಗೆ: "ಸರ್, ನಾನು ಪಿಎಚ್.ಡಿಗೆ ಅಪ್ಲೈ ಮಾಡಾಕತ್ತೀನ್ರಿ. ನನ್ನ ಪ್ರಾಜೆಕ್ಟ್ ಕೆಲಸದ ಬಗ್ಗೆ ವಿವರವಾಗಿ ಬರಿಯೋವಷ್ಟು ನಿಮಗ ನೆನಪೈತೇನ್ರಿ? ಟೈಮ್ ಇಲ್ಲಂದ್ರ ಹೇಳ್ರಿ ಸರ್, ನಾ ಬ್ಯಾರೆಯವರನ್ನ ಕೇಳ್ತೀನಿ." ಈ ಕೊನೆಯ ಮಾತು ಅಗತ್ಯ. ಇದಕ್ಕೆ "ಅದಕ್ಕೇನವ್ವ, ಬರೀತೀನಿ, ಡಿಟೇಲ್ಸ್ ಕಳಿಸು" ಎಂದು ಬಂದರೆ ಒಪ್ಪಿಗೆ. "ನೋಡೋಣಂತ", "ಹತ್ತಿರ ಬಂದಾಗ ನೆನಪ್ ಮಾಡು" ಎಂದು ಬಂದರೆ ಅದನ್ನು ಮೆತ್ತಗೆ ಹೇಳಿದ ಇಲ್ಲ ಎಂದು ತಿಳಿದು, ಬೇಸರ ಮಾಡಿಕೊಳ್ಳದೆ ಇನ್ನೊಬ್ಬರನ್ನು ಹುಡುಕುವುದು ಒಳ್ಳೆಯದು.

ಸಮಯದ ಲೆಕ್ಕವೂ ಇಲ್ಲೇ ಆಗಬೇಕು. ಮೊದಲ ಗಡುವಿಗೆ ಕಡಿಮೆಯೆಂದರೆ ಒಂದು ತಿಂಗಳು ಮೊದಲು ಕೇಳಿ, ಆರು ವಾರವಾದರೆ ಚಲೋ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ದಸರಾ ರಜೆ, ದೀಪಾವಳಿ, ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ ಎಲ್ಲ ಸಾಲಾಗಿ ಬರುತ್ತವೆ. ಮೌಲ್ಯಮಾಪನಕ್ಕೆ ಕೂತವರು ಸಂಜೆ ಮನೆಗೆ ಬಂದು ನಿಮ್ಮ ಪತ್ರ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಪತ್ರ

ಒಪ್ಪಿಗೆ ಸಿಕ್ಕ ದಿನವೇ, ಹೆಚ್ಚೆಂದರೆ ಮರುದಿನ, ಪತ್ರ ಹೋಗಬೇಕು. ಅವಳ ಮೊದಲ ಕರಡು ಹೀಗೆ ಶುರುವಾಗಿತ್ತು: "ತಮ್ಮಂತಹ ಮಹಾನ್ ಗುರುಗಳ ಪಾದದಡಿಯಲ್ಲಿ ಕಲಿಯುವ ಭಾಗ್ಯ ನನಗೆ ದೊರೆತಿದ್ದು ನನ್ನ ಪುಣ್ಯ." ಭಾವ ನಿಜವಾದದ್ದೇ. ಆದರೆ ಅರ್ಧ ಪುಟ ಓದಿದರೂ ಯಾವ ಪತ್ರ, ಎಲ್ಲಿಗೆ, ಯಾವಾಗ ಎಂಬುದು ಸಿಗುತ್ತಿರಲಿಲ್ಲ. ಫೋನಿನಲ್ಲಿ ಮೇಲ್ ತೆರೆದು ನೋಡುವವರಿಗೆ ಮೊದಲ ನಾಲ್ಕು ಸಾಲಿನಲ್ಲೇ ವಿಷಯ ತಿಳಿಯಬೇಕು. ತಿದ್ದಿದ ಮೇಲೆ ಹೋದ ಪತ್ರ ಇದು:

> ವಿಷಯ: ಪಿಎಚ್.ಡಿ ಅರ್ಜಿಗಳಿಗೆ ಶಿಫಾರಸು ಪತ್ರ ಕೋರಿ. ಮೊದಲ ಗಡುವು ನವೆಂಬರ್ 10
>
> ಮಾನ್ಯ ಗುರುಗಳಿಗೆ ನಮಸ್ಕಾರಗಳು.
>
> ನಿನ್ನೆ ತಮ್ಮನ್ನು ಕಂಡಾಗ ಕೇಳಿಕೊಂಡಂತೆ ವಿವರಗಳನ್ನು ಕಳಿಸುತ್ತಿದ್ದೇನೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ತಮ್ಮ ಮಾರ್ಗದರ್ಶನದಲ್ಲಿ ಮುಂಡರಗಿ ತಾಲೂಕಿನ 18 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆಯುವ ಪ್ರಾಜೆಕ್ಟ್ ಮಾಡಿದ್ದೆ. ಅದಕ್ಕೂ ಮೊದಲು ಮೂರನೇ ಸೆಮಿಸ್ಟರ್‌ನಲ್ಲಿ ತಮ್ಮ ವಿಶ್ಲೇಷಣಾ ರಸಾಯನಶಾಸ್ತ್ರದ ತರಗತಿಯಲ್ಲಿದ್ದೆ.
>
> ನೀರಿನ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ ಮಾಡಬೇಕೆಂದು ಮೂರು ಕಡೆ ಅರ್ಜಿ ಹಾಕುತ್ತಿದ್ದೇನೆ. ಒಂದು ನಮ್ಮ ದೇಶದ ಸಂಸ್ಥೆ, ಎರಡು ಅಮೆರಿಕದ ವಿಶ್ವವಿದ್ಯಾಲಯಗಳು. ನನ್ನ ಲ್ಯಾಬ್ ಕೆಲಸವನ್ನು ಹತ್ತಿರದಿಂದ ನೋಡಿದವರು ತಾವೇ ಆದ್ದರಿಂದ, ಅಳತೆಯ ಕೆಲಸ, ತಪ್ಪು ಹುಡುಕುವುದು, ವರದಿ ಬರೆಯುವುದು ಇವುಗಳ ಬಗ್ಗೆ ತಮಗೆ ಅನಿಸಿದ್ದನ್ನು ಬರೆದರೆ ನನಗೆ ಉಪಕಾರವಾಗುತ್ತದೆ.
>
> ಒಂದು ಪುಟದ ಸಾರಾಂಶ ಲಗತ್ತಿಸಿದ್ದೇನೆ. ಗಡುವುಗಳು ಅದರ ಕೊನೆಯಲ್ಲಿವೆ. ಪ್ರಾಜೆಕ್ಟ್ ವರದಿ ಮತ್ತು ಅಂಕಪಟ್ಟಿಗಳೂ ಜೊತೆಗಿವೆ. ಬೇಕಾದರೆ ಮಾತ್ರ ನೋಡಬಹುದು.
>
> ಎರಡು ಮಾತು ತಿಳಿಸಬೇಕೆಂದು ವಿನಂತಿ. ಅರ್ಜಿಯಲ್ಲಿ ತಮ್ಮ ಯಾವ ಇಮೇಲ್ ವಿಳಾಸ ಕೊಡಲಿ? ಹುದ್ದೆಯ ಹೆಸರನ್ನು ಹೇಗೆ ಬರೆಯಲಿ?
>
> ಕೆಲಸದ ಒತ್ತಡದಿಂದ ಈ ಅವಧಿಯಲ್ಲಿ ಆಗದೇ ಹೋದರೆ ದಯವಿಟ್ಟು ಅಕ್ಟೋಬರ್ 15ರೊಳಗೆ ತಿಳಿಸಿ. ನಾನು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆ, ಅದರಲ್ಲಿ ನನಗೆ ಬೇಸರವಿಲ್ಲ.
>
> ತಮ್ಮ ವಿದ್ಯಾರ್ಥಿನಿ
> (ಹೆಸರು, ಎಂ.ಎಸ್‌ಸಿ ಬ್ಯಾಚ್, ಫೋನ್ ಸಂಖ್ಯೆ)

ಈ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮೂರನೇ ಪ್ಯಾರಾ. ಯಾವುದರ ಬಗ್ಗೆ ಬರೆದರೆ ಉಪಯೋಗ ಎಂದು ಹೇಳಿದ್ದಾಳೆ, ಏನು ಬರೆಯಬೇಕೆಂದು ಹೇಳಿಲ್ಲ. ತೀರ್ಪು ಗುರುಗಳದೇ.

ಕನ್ನಡದಲ್ಲಿ ಕೇಳುವುದೋ ಇಂಗ್ಲಿಷಿನಲ್ಲೋ ಎಂದು ಬಹಳ ಮಕ್ಕಳು ಗೊಂದಲಪಡುತ್ತಾರೆ. ನೀವೂ ಗುರುಗಳೂ ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಅದರಲ್ಲಿ ಪತ್ರ ಬರೆಯಿರಿ. ಸಾರಾಂಶ ಹಾಳೆ ಮಾತ್ರ ಶಿಫಾರಸು ಹೋಗುವ ಭಾಷೆಯಲ್ಲಿರಲಿ, ಅಂದರೆ ಇಂಥ ಅರ್ಜಿಗಳಿಗೆ ಇಂಗ್ಲಿಷಿನಲ್ಲಿ. ಪ್ರಾಜೆಕ್ಟಿನ ಶೀರ್ಷಿಕೆ, ಉಪಕರಣದ ಹೆಸರು, ಪ್ರಶಸ್ತಿಯ ಹೆಸರು ಇವನ್ನೆಲ್ಲ ಗುರುಗಳು ಹಾಳೆಯಿಂದ ನೋಡಿಯೇ ಬರೆಯುತ್ತಾರೆ. ಅನುವಾದದಲ್ಲಿ ಶೀರ್ಷಿಕೆ ಬದಲಾದರೆ ನಿಮ್ಮ ಅರ್ಜಿಯಲ್ಲಿ ಒಂದು, ಅವರ ಪತ್ರದಲ್ಲಿ ಇನ್ನೊಂದು ಆಗುತ್ತದೆ. ಇಲ್ಲಿ ಓದುಗರಿಗಾಗಿ ಅವಳ ಹಾಳೆಯನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಸಾರಾಂಶ ಹಾಳೆ

ಇದು ಬಯೋಡೇಟಾ ಅಲ್ಲ. ಬಯೋಡೇಟಾ ಎಲ್ಲರಿಗೂ ಒಂದೇ, ಈ ಹಾಳೆ ಒಬ್ಬ ಗುರುಗಳಿಗೆ ಒಂದು. ಅವರು ಕಣ್ಣಾರೆ ಕಂಡದ್ದು ಮೇಲೆ, ಕಾಣದ್ದು ಕೆಳಗೆ. ಪ್ರಾಜೆಕ್ಟ್ ಮಾರ್ಗದರ್ಶಕರಿಗೆ ಕೊಟ್ಟ ಹಾಳೆಯಲ್ಲಿ ಫ್ಲೋರೈಡ್ ಕೆಲಸವೇ ಅರ್ಧ ಪುಟವಿತ್ತು. ಗದಗಿನ ಗುರುಗಳಿಗೆ ಕೊಟ್ಟದ್ದರಲ್ಲಿ ಅದಕ್ಕೆ ಎರಡೇ ಸಾಲು.

ಅವಳ ಮೊದಲ ಹಾಳೆಯಲ್ಲಿ ಪ್ರಾಜೆಕ್ಟಿನ ಬಗ್ಗೆ ಇದ್ದದ್ದು "ಫ್ಲೋರೈಡ್ ವಿಶ್ಲೇಷಣೆಯ ಪ್ರಾಜೆಕ್ಟನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದ್ದೇನೆ" ಎಂಬ ಒಂದೇ ವಾಕ್ಯ. ಕೂಡಿಸಿಕೊಂಡು ಕೇಳಿದೆ: ಆ ಐದು ತಿಂಗಳಲ್ಲಿ ನಿನ್ನ ಸರ್ ಜೊತೆ ಅತಿ ಹೆಚ್ಚು ಮಾತಾಡಿದ್ದು ಯಾವ ದಿನ? ಸ್ವಲ್ಪ ಹಿಂಜರಿದು ಹೇಳಿದಳು. "ಅದು ನನ್ನ ತಪ್ಪಿನ ದಿನ ರೀ ಮೇಡಂ, ಅದನ್ಯಾಕ ಬರಿಯೋದು?"

ನಡೆದದ್ದು ಇಷ್ಟು. ಫ್ಲೋರೈಡ್ ಅಳೆಯಲು ಅವಳು ಬಳಸಿದ್ದು ಫ್ಲೋರೈಡ್ ಎಲೆಕ್ಟ್ರೋಡ್. ಅದರಲ್ಲಿ ನೀರಿನ ಮಾದರಿಗೆ ಸಮಪ್ರಮಾಣದ ಒಂದು ಬಫರ್ ದ್ರಾವಣ ಬೆರೆಸಬೇಕು. ಲ್ಯಾಬಿನಲ್ಲಿ ಅದನ್ನು ಟಿಸಾಬ್ ಎನ್ನುತ್ತಾರೆ. ನೀರಿನಲ್ಲಿರುವ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟುಕೊಂಡಿದ್ದರೆ ಅದನ್ನು ಬಿಡಿಸುವುದು, ಎಲ್ಲ ಮಾದರಿಗಳನ್ನೂ ಒಂದೇ ಸ್ಥಿತಿಗೆ ತರುವುದು ಅದರ ಕೆಲಸ. ಮೊದಲ ಐದು ಊರಿನ ನೀರಿಗೆ ಅವಳು ಬಫರನ್ನು ಕಡಿಮೆ ಹಾಕಿದ್ದಳು. ಅಂಕಿಗಳು ಬಂದವು, ನೋಡಲಿಕ್ಕೆ ಚಂದವೂ ಇದ್ದವು. ಆದರೆ ಅವಳು ಮಾರ್ಗದರ್ಶಕರ ಹತ್ತಿರ ಹೋಗಿ ಹೇಳಿದ್ದು ಹೀಗೆ: "ಸರ್, ಆ ಊರಾಗಿನ ಹುಡುಗರ ಹಲ್ಲಿನ ಮ್ಯಾಲೆ ಕಂದು ಕಲೆ ನಾನ ನೋಡೀನ್ರಿ. ರೀಡಿಂಗ್ ನೋಡಿದ್ರ ಒಂದರ ಒಳಗ ಬಂದೈತಿ. ಎಲ್ಲೋ ತಪ್ಪೈತ್ರಿ." ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಒಂದರ ಒಳಗಿನ ನೀರು ಕುಡಿದ ಮಕ್ಕಳ ಹಲ್ಲು ಹಾಗೆ ಕಲೆಗಟ್ಟುವುದು ಅನುಮಾನದ ಸಂಗತಿ. ಪುಸ್ತಕ ತಿರುವಿ ಬಫರಿನ ಪ್ರಮಾಣದ ತಪ್ಪು ಹುಡುಕಿದಳು, ಐದೂ ಊರಿಗೆ ಮತ್ತೆ ಬಸ್ ಹತ್ತಿ ಹೋಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತಂದು ಎಲ್ಲವನ್ನೂ ಮರು ಅಳೆದಳು.

ತಪ್ಪನ್ನು ತಾನೇ ಹಿಡಿದವಳು ಎಂಬುದಕ್ಕಿಂತ ದೊಡ್ಡ ಮಾತನ್ನು ಸಂಶೋಧನೆಗೆ ಹೊರಟವಳ ಬಗ್ಗೆ ಯಾವ ಗುರು ಬರೆಯಬಲ್ಲರು? ಅದನ್ನೇ ಅವಳು ಮುಚ್ಚಿಟ್ಟಿದ್ದಳು. ಹಾಳೆಯ ಎರಡನೇ ರೂಪದಲ್ಲಿ ಅದು ನಡುಮಧ್ಯಕ್ಕೆ ಬಂತು.

> ಹೆಸರು: (ಅರ್ಜಿಯಲ್ಲಿ ಇರುವಂತೆ, ಅಕ್ಷರಕ್ಕೆ ಅಕ್ಷರ)
>
> ತಮ್ಮ ಪರಿಚಯ: ಮೂರು ಮತ್ತು ನಾಲ್ಕನೇ ಸೆಮಿಸ್ಟರ್, ಒಟ್ಟು ಸುಮಾರು 10 ತಿಂಗಳು. ಒಂದು ಪಾಠ, ಒಂದು ಪ್ರಾಜೆಕ್ಟ್.
>
> ಪ್ರಾಜೆಕ್ಟ್: ಮುಂಡರಗಿ ತಾಲೂಕಿನ 18 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್. ಪ್ರತಿ ಮಾದರಿಗೆ 3 ಅಳತೆ, ಒಟ್ಟು 54. ಮಾದರಿ ಸಂಗ್ರಹ, ಅಳತೆ, ನಕ್ಷೆ ಮೂರನ್ನೂ ನಾನೇ ಮಾಡಿದೆ. ಊರುಗಳ ಆಯ್ಕೆ ತಮ್ಮ ಸಲಹೆಯಂತೆ.
>
> ತಮಗೆ ನೆನಪಿರಬಹುದಾದದ್ದು: (1) ಮಾರ್ಚ್ ಎರಡನೇ ವಾರ ಮೊದಲ 5 ಊರಿನ ಅಂಕಿ ಕಡಿಮೆ ಬಂದಾಗ ಮಕ್ಕಳ ಹಲ್ಲಿನ ಕಲೆಗೆ ಹೋಲಿಸಿ ಅನುಮಾನ ಬಂದು ತಮಗೆ ತಿಳಿಸಿದ್ದು, ಬಫರ್ ಪ್ರಮಾಣದ ತಪ್ಪು ಹುಡುಕಿ ಮರು ಅಳತೆ ಮಾಡಿದ್ದು. (2) ನಂತರ ಜೂನಿಯರ್‌ಗಳಿಗಾಗಿ ಮಾದರಿ ಸಂಗ್ರಹದ ಒಂದು ಪುಟದ ಸೂಚನೆ ಬರೆದು ಲ್ಯಾಬ್ ಗೋಡೆಗೆ ಅಂಟಿಸಿದ್ದು.
>
> ಅಂಕಗಳು: ನಾಲ್ಕೂ ಸೆಮಿಸ್ಟರ್ ಒಟ್ಟು ಶೇ 74. ತಮ್ಮ ಪತ್ರಿಕೆಯಲ್ಲಿ 100ಕ್ಕೆ 81.
>
> ಒಂದು ವಿವರಣೆ: ಎರಡನೇ ಸೆಮಿಸ್ಟರ್‌ನಲ್ಲಿ ಶೇ 61 ಆಗಿದೆ. ಆ ಅವಧಿಯಲ್ಲಿ ತಂದೆ ಆರು ವಾರ ಆಸ್ಪತ್ರೆಯಲ್ಲಿದ್ದರು. ತಮಗೆ ಸೂಕ್ತವೆನಿಸಿದರೆ ಉಲ್ಲೇಖಿಸಬಹುದು, ನನ್ನ ಒಪ್ಪಿಗೆ ಇದೆ.
>
> ತಾವು ನೋಡಿರದ ಕೆಲಸ: ಬಿ.ಎಸ್‌ಸಿಯಲ್ಲಿದ್ದಾಗ ಎರಡು ವರ್ಷ ಊರಿನ ಪ್ರೌಢಶಾಲೆ ಮಕ್ಕಳಿಗೆ ರಜೆಯಲ್ಲಿ ವಿಜ್ಞಾನ ಪಾಠ.
>
> ಮುಂದೆ: ಕಡಿಮೆ ಖರ್ಚಿನಲ್ಲಿ ನೀರಿನಿಂದ ಫ್ಲೋರೈಡ್ ತೆಗೆಯುವ ವಸ್ತುಗಳ ಮೇಲೆ ಕೆಲಸ ಮಾಡುವ ಆಸೆ.

ಹೆಸರಿನ ವಿಷಯ ಚಿಕ್ಕದೆನಿಸುತ್ತದೆ, ಆದರೆ ನಮ್ಮ ಕಡೆಯವರಿಗೆ ಇದು ದೊಡ್ಡ ತೊಡಕು. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಆಧಾರಿನಲ್ಲಿ ಬರೀ ಇನಿಶಿಯಲ್ ಇರುವುದುಂಟು. ತರಗತಿಯಲ್ಲಿ ಎಲ್ಲರೂ ಕರೆಯುವುದು ಇನ್ನೊಂದೇ ಹೆಸರು. ಗುರುಗಳು ತಮಗೆ ಗೊತ್ತಿದ್ದ ಹೆಸರು ಬರೆದರೆ ಸಮಿತಿಗೆ ಈ ಪತ್ರ ಯಾರದ್ದು ಎಂಬ ಗೊಂದಲ. ವಿದೇಶದ ಅರ್ಜಿಯಾದರೆ ಪಾಸ್‌ಪೋರ್ಟಿನ ಹೆಸರನ್ನೇ ಎಲ್ಲೆಡೆ ಇಟ್ಟುಕೊಳ್ಳಿ, ಹಾಳೆಯಲ್ಲೂ ಅದನ್ನೇ ಕೊಡಿ.

ಪ್ರಾಜೆಕ್ಟಿನ ಸಾಲಿನಲ್ಲಿ "ಊರುಗಳ ಆಯ್ಕೆ ತಮ್ಮ ಸಲಹೆಯಂತೆ" ಎಂದು ಇರುವುದನ್ನು ಗಮನಿಸಿ. ನೀವು ಮಾಡಿದ್ದು ಯಾವುದು, ಮಾಡದ್ದು ಯಾವುದು ಎಂದು ಬೇರ್ಪಡಿಸಿ ಹೇಳಿದರೆ ಗುರುಗಳಿಗೆ ಉಳಿದ ಮಾತುಗಳ ಮೇಲೂ ನಂಬಿಕೆ ಬರುತ್ತದೆ. ಎಲ್ಲವೂ ನಾನೇ ಎಂದು ಬರೆದರೆ, ಸತ್ಯ ಬಲ್ಲವರು ಅವರೇ ಆಗಿರುವುದರಿಂದ, ಪೆನ್ನು ಅಲ್ಲೇ ನಿಲ್ಲುತ್ತದೆ.

ಕಡಿಮೆ ಅಂಕದ ವಿವರಣೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಮನೆಯ ಮಾತನ್ನು ಹೊರಗೆ ಹೇಳುವುದು ಹೇಗೆ ಎಂಬ ಸಂಕೋಚ. ಆ ಸಂಕೋಚ ನನಗೂ ಅರ್ಥವಾಗುತ್ತದೆ, ಹೇಳದಿರುವ ಹಕ್ಕೂ ಅವಳದೇ. ಆದರೆ ಅಂಕಪಟ್ಟಿಯಲ್ಲಿ ಒಂದು ಸೆಮಿಸ್ಟರ್ ಕುಸಿದದ್ದು ಓದುವವರಿಗೆ ಕಂಡೇ ಕಾಣುತ್ತದೆ. ಅದರ ಕಾರಣವನ್ನು ವಿದ್ಯಾರ್ಥಿ ಹೇಳಿಕೊಂಡರೆ ನೆಪದಂತೆ ಕೇಳುತ್ತದೆ, ಗುರು ಒಂದು ಸಾಲಿನಲ್ಲಿ ಹೇಳಿದರೆ ಮಾಹಿತಿಯಾಗುತ್ತದೆ. ಕೊನೆಗೆ ಅವಳೇ ಅಪ್ಪನನ್ನು ಕೇಳಿ, ಅವರು ಹೂಂ ಎಂದ ಮೇಲೆ ಬರೆದಳು.

ಗಡುವಿನ ಪಟ್ಟಿ

ಹಾಳೆಯ ಕೆಳಭಾಗದಲ್ಲಿ, ಬೇರೆ ಪುಟಕ್ಕೆ ಹೋಗದಂತೆ, ದಿನಾಂಕಗಳ ಪಟ್ಟಿ ಬರಬೇಕು. ಅವಳದು ಹೀಗಿತ್ತು:

| ಎಲ್ಲಿಗೆ | ಪತ್ರ ಹೋಗುವ ಬಗೆ | ಅವರ ಗಡುವು | ನನ್ನ ವಿನಂತಿ |
|---|---|---|---|
| ದೇಶದೊಳಗಿನ ಸಂಸ್ಥೆ | ಲೆಟರ್‌ಹೆಡ್ಡಿನಲ್ಲಿ, ಸಹಿ ಮಾಡಿ ಮುಚ್ಚಿದ ಲಕೋಟೆ | ನವೆಂಬರ್ 10, ಅಂಚೆ ಅಷ್ಟರೊಳಗೆ ತಲುಪಬೇಕು | ಅಕ್ಟೋಬರ್ 30 |
| ಅಮೆರಿಕ, ಪೂರ್ವ ಕರಾವಳಿ | ಇಮೇಲಿಗೆ ಬರುವ ಲಿಂಕ್ | ಡಿಸೆಂಬರ್ 1 ರಾತ್ರಿ 11:59 (ನಮ್ಮಲ್ಲಿ ಡಿಸೆಂಬರ್ 2 ಬೆಳಿಗ್ಗೆ 10:29) | ನವೆಂಬರ್ 20 |
| ಅಮೆರಿಕ, ಪಶ್ಚಿಮ ಕರಾವಳಿ | ಇಮೇಲಿಗೆ ಬರುವ ಲಿಂಕ್ | ಡಿಸೆಂಬರ್ 15 ರಾತ್ರಿ 11:59 (ನಮ್ಮಲ್ಲಿ ಡಿಸೆಂಬರ್ 16 ಮಧ್ಯಾಹ್ನ 1:29) | ನವೆಂಬರ್ 30 |

ಇವು ಅವಳ ಅರ್ಜಿಗಳ ದಿನಾಂಕಗಳು. ನಿಮ್ಮವನ್ನು ಆಯಾ ಸಂಸ್ಥೆಯ ಪ್ರಕಟಣೆಯಿಂದಲೇ ತೆಗೆದುಕೊಳ್ಳಿ, ಗೆಳೆಯರು ಕಳಿಸಿದ ವಾಟ್ಸ್ಆ್ಯಪ್ ಸಂದೇಶದಿಂದ ಬೇಡ. ಕೊನೆಯ ಕಾಲಮ್ಮಿನ ದಿನವೇ ಪಟ್ಟಿಯ ಜೀವ. ಗುರುಗಳು ನಿಜವಾದ ಗಡುವನ್ನೂ ನೋಡಬೇಕು, ಅದಕ್ಕೂ ಹತ್ತು ಹದಿನೈದು ದಿನ ಮೊದಲಿನ ನಿಮ್ಮ ವಿನಂತಿಯನ್ನೂ ನೋಡಬೇಕು. ನಿಜವಾದ ದಿನ ಮುಚ್ಚಿಟ್ಟು ಸುಳ್ಳು ಗಡುವು ಕೊಡಬೇಡಿ. ಗೊತ್ತಾದ ದಿನ ಮುಂದಿನ ಯಾವ ಗಡುವನ್ನೂ ಅವರು ನಂಬುವುದಿಲ್ಲ.

ಅಂಚೆಯಲ್ಲಿ ಹೋಗುವ ಪತ್ರಕ್ಕೆ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆಯನ್ನು ನೀವೇ ಕೊಂಡು ಹೋಗಿ. ಮುಚ್ಚಿದ ಮೇಲೆ ಅಂಟಿನ ಜಾಗದ ಮೇಲೆ ಅಡ್ಡವಾಗಿ ಸಹಿ ಬರಬೇಕು.

ಲಿಂಕಿನ ತೊಂದರೆಗಳು

ಆನ್‌ಲೈನ್ ಅರ್ಜಿಯಲ್ಲಿ ಪತ್ರ ನಿಮ್ಮ ಕೈಗೆ ಬರುವುದೇ ಇಲ್ಲ. ನೀವು ಗುರುಗಳ ಹೆಸರು, ಹುದ್ದೆ, ಇಮೇಲ್ ತುಂಬಿದರೆ ಅವರಿಗೆ ನೇರವಾಗಿ ಲಿಂಕ್ ಹೋಗುತ್ತದೆ, ಅವರು ಅಲ್ಲೇ ಪತ್ರ ಏರಿಸುತ್ತಾರೆ. ಕೇಳಲು ಸುಲಭ, ಆದರೆ ನಾನು ಕಂಡ ಹೆಚ್ಚಿನ ಅವಘಡಗಳು ಇಲ್ಲೇ ಆಗಿವೆ.

ಮೊದಲನೆಯದು ವಿಳಾಸ. ನಮ್ಮ ಕಾಲೇಜುಗಳ ಅನೇಕ ಅಧ್ಯಾಪಕರು ದಿನವೂ ನೋಡುವುದು ಜಿಮೇಲ್. ಸಂಸ್ಥೆಯ ಅಧಿಕೃತ ವಿಳಾಸ ಇದ್ದರೂ ತೆರೆಯುವುದು ಅಪರೂಪ. ವಿದೇಶದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅಧಿಕೃತ ವಿಳಾಸವನ್ನೇ ಇಷ್ಟಪಡುತ್ತವೆ, ಕೆಲವು ಅದನ್ನೇ ಕಡ್ಡಾಯ ಮಾಡುತ್ತವೆ. ಆದ್ದರಿಂದ ಅವಳು ಪತ್ರದಲ್ಲೇ ಕೇಳಿದ್ದು. ಅಧಿಕೃತ ವಿಳಾಸ ಇಲ್ಲವೇ ಇಲ್ಲ ಎಂದರೆ ಪತ್ರ ವಿಭಾಗದ ಲೆಟರ್‌ಹೆಡ್ಡಿನಲ್ಲಿ, ಸಹಿ ಮತ್ತು ಮುದ್ರೆಯೊಂದಿಗೆ ಇರುವಂತೆ ಕೇಳಿಕೊಳ್ಳಿ.

ಎರಡನೆಯದು ಲಿಂಕ್ ಹೊರಡುವ ಸಮಯ. ಕೆಲವು ಕಡೆ ಹೆಸರು ತುಂಬಿದ ಕೂಡಲೇ ಹೋಗುತ್ತದೆ. ಇನ್ನು ಕೆಲವು ಕಡೆ ನೀವು ಅರ್ಜಿ ಪೂರ್ತಿ ಸಲ್ಲಿಸಿ ಶುಲ್ಕ ಕಟ್ಟಿದ ಮೇಲೆಯೇ ಹೋಗುವುದು. ಗಡುವಿನ ರಾತ್ರಿ ಅರ್ಜಿ ಸಲ್ಲಿಸಿದವರ ಗುರುಗಳಿಗೆ ಲಿಂಕ್ ಬರುವುದೇ ಆಗ. ಹಾಗಾಗಿ ಎಲ್ಲಿ ಲಿಂಕ್ ಯಾವಾಗ ಹೊರಡುತ್ತದೆ ಎಂದು ಮೊದಲೇ ಸೂಚನೆಗಳಲ್ಲಿ ನೋಡಿಕೊಳ್ಳಿ. ಲಿಂಕ್ ಹೋದ ದಿನವೇ ಗುರುಗಳಿಗೆ ಒಂದು ಸಂದೇಶ ಹಾಕಿ: "ಸರ್, ಇವತ್ತು ಲಿಂಕ್ ಬಂದಿರಬೇಕ್ರಿ. ಇನ್‌ಬಾಕ್ಸಿನಾಗ ಇಲ್ಲಂದ್ರ ಸ್ಪ್ಯಾಮ್ ಫೋಲ್ಡರ್ ಒಮ್ಮೆ ನೋಡ್ರಿ." ಅವಳ ಎರಡನೇ ಲಿಂಕ್ ಸ್ಪ್ಯಾಮಿನಲ್ಲೇ ಇತ್ತು.

ಅಮೆರಿಕದ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಈ ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ಅಲ್ಲಿನ 1974ರ ಒಂದು ಕಾನೂನು ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಕೊಟ್ಟಿರುವುದರಿಂದ ಈ ಪ್ರಶ್ನೆ. ಬಿಟ್ಟುಕೊಡುತ್ತೇನೆ ಎಂದು ಗುರುತು ಹಾಕುವುದೇ ರೂಢಿ. ವಿದ್ಯಾರ್ಥಿ ನೋಡುವುದಿಲ್ಲ ಎಂದು ಗೊತ್ತಿದ್ದಾಗ ಬರೆದ ಪತ್ರವನ್ನು ಓದುವವರು ಹೆಚ್ಚು ನಂಬುತ್ತಾರೆ. ಗುರುಗಳಿಗೂ ಒಂದು ನಮೂನೆ ತುಂಬಲು ಬರುತ್ತದೆ: ತಾವು ಕಲಿಸಿದವರಲ್ಲಿ ಈ ವಿದ್ಯಾರ್ಥಿ ಮೇಲಿನ ಶೇ 5ರಲ್ಲಿದ್ದಾಳೋ, 10ರಲ್ಲೋ, 25ರಲ್ಲೋ ಎಂದು ಗುರುತು ಹಾಕಬೇಕು. ಅದಕ್ಕೇ ತರಗತಿಯಲ್ಲಿ ಒಟ್ಟು ಎಷ್ಟು ಮಂದಿ, ಅದರಲ್ಲಿ ನಿಮ್ಮ ಸ್ಥಾನ ಎಷ್ಟು ಎಂಬುದು ಗೊತ್ತಿದ್ದರೆ ಹಾಳೆಯಲ್ಲಿ ಹಾಕಿ. ಗೊತ್ತಿಲ್ಲದಿದ್ದರೆ ಊಹಿಸಬೇಡಿ.

"ನೀನ ಬರ್ಕೊಂಡು ಬಾ, ಸೈನ್ ಮಾಡ್ತೀನಿ"

ಹತ್ತರಲ್ಲಿ ಹಲವರಿಗೆ ಈ ಉತ್ತರವೇ ಸಿಗುತ್ತದೆ. ಗುರುಗಳು ಕೆಟ್ಟವರೆಂದಲ್ಲ, ಸಮಯವಿಲ್ಲ, ಇಂಗ್ಲಿಷಿನಲ್ಲಿ ಉದ್ದ ಬರೆಯುವುದು ಬೇಸರ. ಆದರೆ ಇದನ್ನು ಒಪ್ಪಿಕೊಳ್ಳಬೇಡಿ. ಅರ್ಜಿಯಲ್ಲಿ ಈ ಪತ್ರ ಗುರುಗಳದ್ದು ಎಂದು ನೀವೂ ಅವರೂ ಹೇಳುತ್ತಿದ್ದೀರಿ, ಅದು ಸುಳ್ಳಾಗುತ್ತದೆ. ಸಿಕ್ಕಿಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಸಿಕ್ಕಿಬೀಳುವುದೂ ಕಷ್ಟವಲ್ಲ. ನಿಮ್ಮ ಉದ್ದೇಶ ಪತ್ರದ ಶೈಲಿ, ಮೂರು ಶಿಫಾರಸುಗಳ ಶೈಲಿ, ಒಂದೇ ಬಗೆಯ ವ್ಯಾಕರಣದ ತಪ್ಪು, ಒಂದೇ ಹೊಗಳಿಕೆಯ ಪದಗಳು ಅಕ್ಕಪಕ್ಕ ಕೂತರೆ ಓದುವವರಿಗೆ ತಿಳಿಯುತ್ತದೆ. ಇನ್ನೊಂದು ನಷ್ಟವೂ ಇದೆ. ತನ್ನ ಬಗ್ಗೆ ತಾನೇ ಬರೆಯುವ ವಿದ್ಯಾರ್ಥಿ ಶ್ರದ್ಧಾವಂತ, ಶಿಸ್ತಿನವನು ಎಂದೇ ಬರೆಯುತ್ತಾನೆ. ಬಫರಿನ ತಪ್ಪಿನ ಕತೆ ಅವನ ಪೆನ್ನಿನಿಂದ ಬರುವುದಿಲ್ಲ.

ಹಾಗೆಂದು ಎದುರುತ್ತರ ಕೊಡುವ ಹಾಗೂ ಇಲ್ಲ. ಇವಳಿಗೂ ಗದಗಿನ ಗುರುಗಳು ಇದೇ ಮಾತು ಹೇಳಿದರು. ಅವಳು ಹಾಳೆಯನ್ನು ಮುಂದಿಟ್ಟು ಅಂದದ್ದು: "ಸರ್, ಪತ್ರ ನಾ ಬರದ್ರ ಅವರು ಒಪ್ಪಂಗಿಲ್ರಿ. ನಿಮಗ ಬೇಕಾಗೋ ಸಂಗತಿ ಎಲ್ಲಾ ಈ ಹಾಳ್ಯಾಗ ಐತ್ರಿ. ನೀವು ಕನ್ನಡದಾಗ ಹೇಳ್ರಿ ಸಾಕು, ನಿಮ್ಮ ಕಡೆಯವರು ಯಾರರ ಟೈಪ್ ಮಾಡಿ ಕೊಡ್ತಾರ." ಅವರು ಹಾಳೆ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಟೈಟ್ರೇಶನ್ ನೋಟ್‌ಬುಕ್ ನಾ ಜೂನಿಯರ್ಸಿಗೆ ತೋರಿಸ್ತಿದ್ದೆ ನೋಡು" ಎಂದರಂತೆ. ಅದು ಹಾಳೆಯಲ್ಲಿ ಇರಲೇ ಇಲ್ಲ. ಹಾಳೆ ನೋಡಿದ ಮೇಲೆ ಅವರಿಗೆ ನೆನಪಾದದ್ದು. ಪತ್ರವನ್ನು ಅವರೇ ಕೈಬರಹದಲ್ಲಿ ಬರೆದು, ವಿಭಾಗದ ಸಹಾಯಕರಿಂದ ಟೈಪ್ ಮಾಡಿಸಿದರು.

ನೆನಪಿಸುವುದು, ಆಮೇಲೆ

ನೀವು ಕೇಳಿದ ದಿನಕ್ಕೆ ನಾಲ್ಕೈದು ದಿನ ಮೊದಲು ಒಮ್ಮೆ, ನಿಜವಾದ ಗಡುವಿಗೆ ಮೂರು ದಿನ ಮೊದಲು ಇನ್ನೊಮ್ಮೆ ನೆನಪಿಸಿದರೆ ಸಾಕು. ಪ್ರತಿ ಸಲವೂ ಹಾಳೆಯನ್ನು ಮತ್ತೆ ಲಗತ್ತಿಸಿ, ಹಳೆಯ ಮೇಲ್ ಹುಡುಕುವ ಕೆಲಸ ಅವರಿಗೆ ಬೇಡ. ಪತ್ರ ಸೇರಿದೆಯೋ ಇಲ್ಲವೋ ಎಂಬುದು ನಿಮ್ಮ ಅರ್ಜಿಯ ಪುಟದಲ್ಲೇ ಕಾಣುತ್ತದೆ. ಅದನ್ನು ನೋಡದೆ "ಸರ್, ಕಳಿಸಿದ್ರೇನ್ರಿ" ಎಂದು ಕೇಳಿದರೆ, ಆಗಲೇ ಕಳಿಸಿ ಕೂತವರಿಗೆ ಬೇಸರವಾಗುತ್ತದೆ. ಗಡುವಿನ ದಿನವೂ ಬಂದಿಲ್ಲವೆಂದರೆ ಮೇಲ್ ಬಿಟ್ಟು ಫೋನ್ ಮಾಡಿ. ಗಡುವಿನ ನಂತರ ಕೆಲವು ದಿನ ಪತ್ರಗಳನ್ನು ಸ್ವೀಕರಿಸುವ ಸಂಸ್ಥೆಗಳೂ ಇವೆ, ಆದರೆ ಅದು ಅಲ್ಲಿನ ಸೂಚನೆಯಲ್ಲಿ ಬರೆದಿದ್ದರೆ ಮಾತ್ರ ನೆಚ್ಚಿಕೊಳ್ಳಿ.

ಫಲಿತಾಂಶ ಬಂದ ದಿನ, ಸಿಕ್ಕಿದ್ದರೂ ಸಿಗದಿದ್ದರೂ, ಮೂವರಿಗೂ ತಿಳಿಸಿ. ಇವಳಿಗೆ ದೇಶದೊಳಗಿನ ಸಂಸ್ಥೆಯ ಸಂದರ್ಶನಕ್ಕೆ ಕರೆ ಬಂತು, ಅಮೆರಿಕದ ಎರಡೂ ಕಡೆ ಆಗಲಿಲ್ಲ. ಮೂವರಿಗೂ ಫೋನ್ ಮಾಡಿ ಹೇಳಿದಳು. ಮಾರ್ಚಿನಲ್ಲಿ ಇನ್ನೊಂದು ಫೆಲೋಶಿಪ್ಪಿನ ಅರ್ಜಿ ಬಂದಾಗ ಅದೇ ಹಾಳೆಯಲ್ಲಿ ಹಳೆಯ ಮೂರು ದಿನಾಂಕ ತೆಗೆದು ಹೊಸದೊಂದನ್ನು ಹಾಕಿ, ಸಂಸ್ಥೆಯ ಹೆಸರು ಬದಲಿಸಿ ಕಳಿಸಿದಳು. ಅವಳ ಮಾರ್ಗದರ್ಶಕರು ಎರಡನೇ ದಿನಕ್ಕೇ ಪತ್ರ ಏರಿಸಿದರು.